ಪದಚರ್ಚೆ: ಪಾಯಾ ‘ಕುಸಿಯುತ್ತದೋ’, ‘ಕೂಡುತ್ತದೋ’? ಆ ಮುಕ್ಕೋನಕ್ಕೆ ಏನು ಹೆಸರು?

ಯಾದಗಿರಿಯಿಂದ, ಪ್ರಶ್ನೆ ಕೇಳುವವರು

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಸಿವಿಲ್ ಓದುವವರಿಗಾಗಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಭೀಮಾ ದಂಡೆಯಂಥ ಉಸುಕು ನೆಲದೊಳಗೆ ಕೋನ್ ಒತ್ತಿ, ಅದಕ್ಕೆ ನೆಲ ಕೊಡುವ ಎದುರೊತ್ತನ್ನು ಅಳೆದು, ಅದರಿಂದ ಫುಟಿಂಗ್ ಎಷ್ಟು ಮಿಲಿಮೀಟರ್ ಕೆಳಗೆ ಹೋಗುತ್ತದೆ ಎಂದು ಲೆಕ್ಕ ಹಾಕುವ ವಿಧಾನ. ಶ್ಮರ್ಟ್‌ಮನ್ 1970ರಲ್ಲಿ ಕೊಟ್ಟು, 1978ರಲ್ಲಿ ಜೊತೆಗಾರರೊಂದಿಗೆ ತಿದ್ದಿದ್ದು.

ಸಿಕ್ಕಿಕೊಂಡಿದ್ದು ಎರಡು ಪದದಲ್ಲಿ. ‘ಸೆಟ್ಲ್‌ಮೆಂಟ್’ಗೆ ‘ಕುಸಿತ’ ಎಂದೂ ‘ಸ್ಟ್ರೇನ್ ಇನ್‌ಫ್ಲೂಯೆನ್ಸ್ ಫ್ಯಾಕ್ಟರ್’ಗೆ ‘ಒತ್ತಡ ಪ್ರಭಾವ ಗುಣಾಂಕ’ ಎಂದೂ ಕರಡಿನಲ್ಲಿ ಬರೆದಿದ್ದೇನೆ. ಈ ಎರಡನೆಯದನ್ನು ಆಳಕ್ಕೆ ತಕ್ಕಂತೆ ಏರಿ ಇಳಿಯುವ ಮುಕ್ಕೋನದ ಚಿತ್ರವಾಗಿ ಬರೆಯುತ್ತಾರೆ. ಸರಿಯೇ? (‘ಪಾದದ ಇತ್ಯರ್ಥ’ ಎಂಬ ಅನುವಾದ ಒಂದು ಕಡೆ ಕಂಡಿದ್ದೇನೆ. ಅದಕ್ಕಿಂತ ವಾಸಿ ಎನ್ನಬೇಡಿ.)

ಬೀದರದಿಂದ, ನಿವೃತ್ತ ಎಂಜಿನಿಯರ್

‘ಕುಸಿತ’ ಬೇಡವೇ ಬೇಡ. ಗೋಡೆ ಕುಸಿಯಿತು, ಬಾವಿ ಕುಸಿಯಿತು ಅಂದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಇಪ್ಪತ್ತು ಮಿಲಿಮೀಟರ್ ಇಳಿದ ಫುಟಿಂಗ್ ಕೆಟ್ಟಿಲ್ಲ, ನೆಟ್ಟಗೆ ನಿಂತಿದೆ. ‘ಇಳಿತ’ ಅನ್ನಿ.

ಎರಡನೆಯದು ಸರಿ ಇದೆ. ಫುಟಿಂಗ್ ಕೆಳಗೆ ಒತ್ತಡ ಉಳ್ಳಾಗಡ್ಡಿ ಆಕಾರದಲ್ಲಿ ಹರಡುತ್ತದೆ. ತಳಕ್ಕೆ ತಾಗಿದಲ್ಲಿ ಹೆಚ್ಚು, ಕೆಳಗೆ ಹೋದಂತೆ ಕಡಿಮೆ, ಅಗಲದ ಎರಡು ಪಟ್ಟು ಆಳಕ್ಕೆ ಬಹುತೇಕ ಮುಗಿಯುತ್ತದೆ. ಆ ಚಿತ್ರ ಅದನ್ನೇ ತೋರಿಸುತ್ತದೆ.

ಕಲಬುರಗಿಯಿಂದ, ಮಣ್ಣು ಪರೀಕ್ಷೆಯವರು

ಸರ್, ಉಳ್ಳಾಗಡ್ಡಿ ಸರಿ, ಆದರೆ ಈ ಚಿತ್ರ ಅದಲ್ಲ. ಅಕ್ಕಾ, ಮೊದಲು ಆ ‘ಒತ್ತಡ’ ತೆಗೆಯಿರಿ.

ಒತ್ತಡದ ಚಿತ್ರವಾಗಿದ್ದರೆ ತಳದಲ್ಲೇ ಅತಿ ಹೆಚ್ಚು ಇರಬೇಕಿತ್ತು. ಚೌಕ ಫುಟಿಂಗಿಗೆ ಈ ಮುಕ್ಕೋನ ತಳದಲ್ಲಿ 0.1 ಇದ್ದು, ಅಗಲದ ಅರ್ಧದಷ್ಟು ಆಳದಲ್ಲಿ ತುದಿ ಮುಟ್ಟಿ, ಎರಡು ಪಟ್ಟು ಆಳದಲ್ಲಿ ಸೊನ್ನೆಯಾಗುತ್ತದೆ. ಕಾರಣ ಇಷ್ಟೇ: ತಳಕ್ಕೆ ತಾಗಿದ ಉಸುಕನ್ನು ಮೇಲಿನಿಂದ ಎಷ್ಟು ಅದುಮುತ್ತೇವೋ ಅಕ್ಕಪಕ್ಕದಿಂದಲೂ ಹೆಚ್ಚೂಕಡಿಮೆ ಅಷ್ಟೇ ಜೋರಾಗಿ ಹಿಡಿದಿರುತ್ತದೆ. ಪಕ್ಕಕ್ಕೆ ಸರಿಯಲು ಜಾಗವಿಲ್ಲದ ಉಸುಕು ಚಪ್ಪಟೆಯಾಗುವುದು ಕಡಿಮೆ. ಸ್ವಲ್ಪ ಕೆಳಗೆ ಹೋದರೆ ಪಕ್ಕದ ಹಿಡಿತ ಬೇಗ ಸಡಿಲವಾಗುತ್ತದೆ, ಮೇಲಿನ ಭಾರ ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ಹಾಗಾಗಿ ಹೆಚ್ಚು ಚಪ್ಪಟೆಯಾಗುವುದು ಅಲ್ಲಿ. ಚಿತ್ರ ತೋರಿಸುವುದು ಒತ್ತಡವನ್ನಲ್ಲ, ವಿಕೃತಿಯನ್ನು, ಅಂದರೆ ಉಸುಕು ಎಷ್ಟು ಚಪ್ಪಟೆಯಾಗುತ್ತದೆ ಎಂಬುದನ್ನು.

ಒಂದು ಲೆಕ್ಕ ಇಡುತ್ತೇನೆ. 2 ಮೀಟರ್ ಚೌಕದ ಫುಟಿಂಗ್, 1 ಮೀಟರ್ ಆಳದಲ್ಲಿ. ಉಸುಕಿನ ತೂಕ ಘನ ಮೀಟರಿಗೆ 17 ಕಿಲೊನ್ಯೂಟನ್, ನೀರು ಬಹಳ ಕೆಳಗಿದೆ ಅನ್ನಿ. ತಳದಲ್ಲಿ ಒಟ್ಟು ಒತ್ತಡ 153 ಕಿಲೊಪ್ಯಾಸ್ಕಲ್. ಅಗೆದು ತೆಗೆದ ಮಣ್ಣಿನ 17 ಕಳೆದರೆ ನಿವ್ವಳ 136. ತುದಿ ಬೀಳುವುದು ತಳದಿಂದ 1 ಮೀಟರ್ ಕೆಳಗೆ, ಅಂದರೆ ನೆಲದಿಂದ 2 ಮೀಟರ್. ಅಲ್ಲಿ ಮೊದಲೇ ಇದ್ದ ಒತ್ತಡ 34. ತುದಿಯ ಬೆಲೆ 0.5 ಮತ್ತು 136/34ರ ವರ್ಗಮೂಲದ ಹತ್ತನೇ ಒಂದಂಶ ಸೇರಿ 0.7.

ಕೋನಿನ ಎದುರೊತ್ತು ತಳದಿಂದ ಮೊದಲ ಮೀಟರಿನಲ್ಲಿ 4 ಮೆಗಾಪ್ಯಾಸ್ಕಲ್, ಎರಡನೆಯದರಲ್ಲಿ 5, ಮುಂದಿನ ಎರಡು ಮೀಟರಿನಲ್ಲಿ 8. ಉಸುಕು ಅದುಮಿಗೆ ಎಷ್ಟು ಗಟ್ಟಿ ಎಂಬ ಅಳತೆ E, ಚೌಕ ಫುಟಿಂಗಿಗೆ ಅದು ಈ ಎದುರೊತ್ತಿನ 2.5 ಪಟ್ಟು. ಪ್ರತಿ ಪದರಕ್ಕೆ ಮುಕ್ಕೋನದ ನಡುಬೆಲೆಯನ್ನು ದಪ್ಪದಿಂದ ಗುಣಿಸಿ E ಇಂದ ಭಾಗಿಸಿದ್ದೇನೆ. C1 ಅಂದರೆ ಪಾಯಾದ ಆಳಕ್ಕೆ ಮಾಡುವ ತಿದ್ದುಪಡಿ, S ಅಂದರೆ ಉತ್ತರ.

```
0-1 m : 0.400 x 1 / 10.0 = 0.0400
1-2 m : 0.583 x 1 / 12.5 = 0.0467
2-4 m : 0.233 x 2 / 20.0 = 0.0233
                    ಒಟ್ಟು = 0.1100
C1 = 1 - 0.5 x 17/136 = 0.9375
S = 0.9375 x 0.136 x 0.11 = 0.0140 m
```

ಅಂದರೆ 14 ಮಿಲಿಮೀಟರ್. ಹತ್ತು ವರ್ಷಕ್ಕೆ C2 = 1.4 ಹಿಡಿದರೆ ಸುಮಾರು 20. ಈ ಕಾಲದ ಗುಣಕವನ್ನು ಉಸುಕಿಗೆ ಬೇಡ ಎಂದು ಬಿಡುವವರೂ ಇದ್ದಾರೆ. ನಾನು ಎರಡೂ ಅಂಕಿ ಬರೆದು ಕೊಡುತ್ತೇನೆ.

ಶಹಾಪುರದಿಂದ

ಇದೆಲ್ಲಾ ಖರೇ ಅದ ರೀ, ಆದರ ನಮ್ಮನಿ ಪಾಯಾ ಕುಂತದ. ಬೇಸಿಗ್ಯಾಗ ಗ್ವಾಡಿ ಬಿರಕು ಬಿಡತಾವ, ಮಳಿ ಆದ ಮ್ಯಾಲ ಕೂಡಕೋತಾವ. ಎರಿ ಹೊಲದಾಗ ಕಟ್ಟೀವಿ. ಈ ಲೆಕ್ಕ ಹಾಕಿದರ ಎಷ್ಟು ಕೂಡತದ ತಿಳೀತದೇನ್ರಿ?

ಕಲಬುರಗಿಯಿಂದ, ಮಣ್ಣು ಪರೀಕ್ಷೆಯವರು

ತಿಳಿಯೋದಿಲ್ಲ ರೀ. ಬಿರುಕು ಮಳೆಗಾಲಕ್ಕೆ ಮುಚ್ಚಿ ಬೇಸಿಗೆಗೆ ತೆರೆದರೆ ಅದು ಭಾರಕ್ಕೆ ಕೂತದ್ದಲ್ಲ, ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುವುದು. ಈ ವಿಧಾನ ಉಸುಕಿಗೆ ಮಾತ್ರ. ಉಸುಕು ಭಾರ ಬಿದ್ದ ಕೂಡಲೇ ಬಹುಪಾಲು ಕೂತುಬಿಡುತ್ತದೆ, ಮಳೆಗೆ ಮೇಲೆ ಬರುವುದಿಲ್ಲ. ನಿಮ್ಮದಕ್ಕೆ ಬೇರೆ ಪರೀಕ್ಷೆ, ಬೇರೆ ಉಪಾಯ. ಮೊದಲು ಪಾಯಾದ ಸುತ್ತ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ.

ಆದರೆ ಪದ ಕೊಟ್ಟವರು ನೀವೇ. ‘ಪಾಯಾ ಕುಂತದ’ ಅನ್ನುವುದು ನಮ್ಮ ಮೇಸ್ತ್ರಿಗಳ ಬಾಯಲ್ಲಿ ದಿನಾ ಇರುವ ಮಾತು. ‘ಇಳಿತ’ ಅಂದರೆ ಹೊಳೆ ಇಳಿದದ್ದೂ ಆಗುತ್ತದೆ.

ಯಾದಗಿರಿಯಿಂದ, ಪ್ರಶ್ನೆ ಕೇಳುವವರು

‘ಕೂತಿದೆ’ ಕ್ರಿಯಾಪದವಾಗಿ ಚೆನ್ನ. ನಾಮಪದ ಬೇಕಾದಾಗ? ‘ಫುಟಿಂಗಿನ ಕೂತ’ ಅಂದರೆ ಯಾರಿಗೂ ತಿಳಿಯದು.

ಇನ್ನೊಂದು. ನನ್ನ ಬಳಿ ಇರುವ ಹಳೆಯ ಟಿಪ್ಪಣಿಯಲ್ಲಿ ಮುಕ್ಕೋನ ಸೊನ್ನೆಯಿಂದ ಶುರುವಾಗಿ 0.6ಕ್ಕೆ ಏರುತ್ತದೆ. ನಿಮ್ಮ 2.5 ಅದಕ್ಕೇ ಹಾಕಿದೆ. 11.5 ಮಿಲಿಮೀಟರ್ ಬಂತು. ನಿಮ್ಮದು 14. ಯಾರು ತಪ್ಪು?

ಕಲಬುರಗಿಯಿಂದ, ಮಣ್ಣು ಪರೀಕ್ಷೆಯವರು

ಎರಡು ಚಿತ್ರ ಕಲಸಿದ್ದೀರಿ. ಅತಿ ಸಾಮಾನ್ಯ ತಪ್ಪು ಇದೇ. ಸೊನ್ನೆಯಿಂದ 0.6 ಇರುವುದು 1970ರ ಮುಕ್ಕೋನ, ಅದಕ್ಕೆ E ಎದುರೊತ್ತಿನ 2 ಪಟ್ಟು. 2.5 ಪಟ್ಟು 1978ರದಕ್ಕೆ. ಹಳೆಯದನ್ನು ಹಳೆಯದರ ಜೊತೆಗೇ ಇಟ್ಟರೆ ಮೊತ್ತ 0.1125, ಉತ್ತರ 14.3 ಮಿಲಿಮೀಟರ್. ನೋಡಿ, ಎರಡೂ ಜೋಡಿ ಹೆಚ್ಚೂಕಡಿಮೆ ಒಂದೇ ಕಡೆ ಬರುತ್ತವೆ. ಹೊಸ ಮುಕ್ಕೋನಕ್ಕೆ ಹಳೆಯ 2 ಪಟ್ಟು ಹಾಕಿದರೆ 17.5 ಆಗುತ್ತಿತ್ತು. ವರದಿಯಲ್ಲಿ ಯಾವ ಜೋಡಿ ಬಳಸಿದ್ದಾರೆಂದು ತಿಳಿಯಲು ತಳದ ಬೆಲೆ ನೋಡಿ, 0 ಇದ್ದರೆ ಹಳೆಯದು, 0.1 ಇದ್ದರೆ ಹೊಸದು. ಉದ್ದನೆಯ ಗೋಡೆ ಪಾಯಾಕ್ಕೆ ಚಿತ್ರವೇ ಬೇರೆ: 0.2ರಿಂದ ಶುರು, ಅಗಲದಷ್ಟು ಆಳದಲ್ಲಿ ತುದಿ, ನಾಲ್ಕು ಪಟ್ಟು ಆಳದವರೆಗೆ, E 3.5 ಪಟ್ಟು.

ಹೆಸರಿನ ಮಾತು. ಒಂದು ಮೀಟರ್ ದಪ್ಪದ ಸಡಿಲ ಪದರ ತಳದಿಂದ 1–2 ಮೀಟರಿನಲ್ಲಿದ್ದರೆ ಅದಕ್ಕೆ 0.583, ಅದೇ ಪದರ 3–4ರಲ್ಲಿದ್ದರೆ 0.117. ಐದು ಪಟ್ಟು ವ್ಯತ್ಯಾಸ. ಯಾವ ಆಳದ ಮಣ್ಣು ಎಷ್ಟು ಲೆಕ್ಕಕ್ಕೆ ಬರುತ್ತದೆ ಅನ್ನುವುದೇ ಇದರ ಕೆಲಸ. ಹಾಗಾಗಿ ‘ವಿಕೃತಿ ಪಾಲು’ ಅನ್ನಬಹುದೇ?

ಬೀದರದಿಂದ, ನಿವೃತ್ತ ಎಂಜಿನಿಯರ್

ಒತ್ತಡದ ವಿಷಯ ಒಪ್ಪಿದೆ, ನನ್ನದೇ ತಪ್ಪು. ಆದರೆ ‘ಪಾಲು’ ಅಂದರೆ ಎಲ್ಲ ಪಾಲು ಸೇರಿ ಒಂದಾಗಬೇಕು. ನಿಮ್ಮ ಪದರಗಳವು ಕೂಡಿದರೆ 1.45 ಆಗುತ್ತದೆ, ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗಿಲ್ಲ ಇದು. ‘ವಿಕೃತಿ ಗುಣಕ’ ಸಾಕು.

ಯಾದಗಿರಿಯಿಂದ, ಪ್ರಶ್ನೆ ಕೇಳುವವರು

ಸದ್ಯಕ್ಕೆ ‘ವಿಕೃತಿ ಪ್ರಭಾವ ಗುಣಕ’ ಇಟ್ಟು, ಚಿತ್ರದ ಕೆಳಗೆ ‘ಒತ್ತಡದ ಚಿತ್ರವಲ್ಲ’ ಎಂದು ಬರೆಯುತ್ತೇನೆ. ವಾಕ್ಯದಲ್ಲಿ ‘ಫುಟಿಂಗ್ 14 ಮಿಲಿಮೀಟರ್ ಕೂಡುತ್ತದೆ’, ಕೋಷ್ಟಕದಲ್ಲಿ ‘ಇಳಿತ’. ನಾಮಪದಕ್ಕೆ ಇನ್ನೂ ಒಳ್ಳೆಯದು ಹೊಳೆದವರು ಬರೆಯಿರಿ.