ಪದಚರ್ಚೆ: ‘ಇಂಡೆಕ್ಸ್ ಮಾರ್ಕಿಂಗ್’ ಅಂದರೆ ಗುರುತು ಸಂಖ್ಯೆಗೋ, ಮನೆಗೋ?

ಬಾಗಲಕೋಟೆಯಿಂದ, ಡಿಪ್ಲೊಮಾ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಅರೇ ಪಾಠಕ್ಕೆ ಕನ್ನಡದಲ್ಲಿ ಟಿಪ್ಪಣಿ ತಯಾರಿಸುತ್ತಿದ್ದೇನೆ. ಅದರಲ್ಲಿ ಒಂದು ಲೆಕ್ಕ ಇದೆ. n ಸ್ಥಾನಗಳ ಅರೇಯಲ್ಲಿ 1ರಿಂದ n ವರೆಗಿನ ಸಂಖ್ಯೆಗಳು ಒಂದೊಂದು ಸಲ ಇರಬೇಕಿತ್ತು. ಒಂದು ಸಂಖ್ಯೆ ಬಿಟ್ಟುಹೋಗಿ, ಇನ್ನೊಂದು ಎರಡು ಸಲ ಬಂದಿದೆ. ಬೇರೆ ಅರೇ ಬಳಸದೆ ಎರಡನ್ನೂ ಹುಡುಕಬೇಕು.

ವಿದ್ಯಾರ್ಥಿಗಳ ಕೈಯಲ್ಲಿ ಓಡಾಡುತ್ತಿರುವ ಒಂದು ಟಿಪ್ಪಣಿಯಲ್ಲಿ ‘ಇಂಡೆಕ್ಸ್ ಮಾರ್ಕಿಂಗ್’ಗೆ ‘ಸೂಚ್ಯಂಕ ಗುರುತಿಸುವಿಕೆ’ ಎಂದೂ ಎರಡು ಸಲ ಬಂದದ್ದಕ್ಕೆ ‘ಇಮ್ಮಡಿ ಸಂಖ್ಯೆ’ ಎಂದೂ ಇದೆ. ವಿಧಾನವನ್ನು ಹೀಗೆ ಹೇಳಿದ್ದಾರೆ: “ಪ್ರತಿ ಸಂಖ್ಯೆಯನ್ನು ಓದಿ ಅದಕ್ಕೆ ಮೈನಸ್ ಗುರುತು ಹಾಕಿ.” ಇದನ್ನು ನಂಬಿ ಬರೆದ ಪ್ರೋಗ್ರಾಮುಗಳಲ್ಲಿ ಕೊನೆಗೆ ಇಡೀ ಅರೇ ಮೈನಸ್ ಆಗಿ ಕೂರುತ್ತದೆ, ಉತ್ತರ ಬರುವುದಿಲ್ಲ. ಸರಿಯಾದ ಪದ, ಸರಿಯಾದ ವಾಕ್ಯ ಏನಿರಬೇಕು?

ವಿಜಯಪುರದಿಂದ, ಪ್ರೋಗ್ರಾಮಿಂಗ್ ಕಲಿಸುವವರು

ಮೇಡಂ, ತಪ್ಪು ಇರುವುದು ‘ಅದಕ್ಕೆ’ ಎಂಬ ಮಾತಿನಲ್ಲಿ. ಗುರುತು ಬೀಳುವುದು ಓದಿದ ಸಂಖ್ಯೆಗೆ ಅಲ್ಲ, ಆ ಸಂಖ್ಯೆ ಹೇಳುವ ಸ್ಥಾನಕ್ಕೆ. ಆ ಸ್ಥಾನದಲ್ಲಿ ಬೇರೆ ಯಾವುದೋ ಸಂಖ್ಯೆ ಕೂತಿರುತ್ತದೆ. ಅದರ ಚಿಹ್ನೆಯನ್ನು ಸುಮ್ಮನೆ ಎರವಲು ಪಡೆಯುತ್ತೇವೆ. ಓದಿದ ಸಂಖ್ಯೆಗೇ ಮೈನಸ್ ಹಾಕುತ್ತ ಹೋದರೆ ಪ್ರತಿ ಸ್ಥಾನವೂ ಒಂದೊಂದು ಸಲ ಮೈನಸ್ ಆಗಿ ಮುಗಿಯುತ್ತದೆ. ಯಾವುದು ಬಂತು, ಯಾವುದು ಬರಲಿಲ್ಲ ಎಂಬ ಸುದ್ದಿ ಎಲ್ಲೂ ಉಳಿಯುವುದಿಲ್ಲ.

ಪಗಡೆಯಲ್ಲಿ ಕಾಯಿ ನಿಲ್ಲುವ ಜಾಗಕ್ಕೆ ಮನೆ ಅನ್ನುತ್ತೇವಲ್ಲ, ಅರೇಯ ಸ್ಥಾನಕ್ಕೂ ಅದೇ ಪದ ಸಾಕು. ‘ಸೂಚ್ಯಂಕ’ ಎಂದರೆ ಹುಡುಗರಿಗೆ ಶೇರುಪೇಟೆ ನೆನಪಾಗುತ್ತದೆ. ಒಂದು ಉದಾಹರಣೆಯನ್ನು ಕೈಯಲ್ಲೇ ಮಾಡಿ ನೋಡೋಣ. ಮನೆಗಳನ್ನು 1ರಿಂದ ಎಣಿಸುತ್ತೇನೆ:

```
ಮನೆ:     1  2  3  4  5  6
ಸಂಖ್ಯೆ:   3  1  5  3  2  6
```

1ನೇ ಮನೆಯಲ್ಲಿ 3 ಇದೆ. ಹಾಗಾಗಿ 3ನೇ ಮನೆಗೆ ಹೋಗಿ ಅಲ್ಲಿರುವ 5ನ್ನು -5 ಮಾಡಿ. 2ನೇ ಮನೆಯಲ್ಲಿ 1 ಇದೆ. 1ನೇ ಮನೆಯ 3 ಈಗ -3. ಮುಂದೆ 3ನೇ ಮನೆಗೆ ಬಂದಾಗ ಕಾಣುವುದು -5. ಆ ಮೈನಸ್ 5ರದ್ದಲ್ಲ, 3ನೇ ಮನೆಯದು. ಅದನ್ನು ಬದಿಗಿಟ್ಟು 5 ಎಂದೇ ಓದಿ, 5ನೇ ಮನೆಯ 2ನ್ನು -2 ಮಾಡಿ. 4ನೇ ಮನೆಯಲ್ಲಿ ಮತ್ತೆ 3. 3ನೇ ಮನೆಗೆ ಹೋದರೆ ಗುರುತು ಆಗಲೇ ಬಿದ್ದಿದೆ. ಅಂದರೆ 3 ಎರಡನೇ ಸಲ ಬಂತು. ಅದನ್ನು ಬರೆದಿಟ್ಟುಕೊಳ್ಳಿ, ಮನೆಯನ್ನು ಮುಟ್ಟಬೇಡಿ. 5ನೇ ಮನೆಯ -2ನ್ನು 2 ಎಂದು ಓದಿ 2ನೇ ಮನೆಗೆ ಗುರುತು ಹಾಕಿ. 6ನೇ ಮನೆಯಲ್ಲಿ 6 ಇದೆ, ಅದು ತನ್ನ ಮನೆಗೇ ಗುರುತು ಹಾಕುತ್ತದೆ.

```
ಮನೆ:      1   2   3   4   5   6
ಕೊನೆಗೆ:   -3  -1  -5   3  -2  -6
```

ಗುರುತಿಲ್ಲದೆ ಉಳಿದದ್ದು 4ನೇ ಮನೆ. ಯಾರೂ ಅದರ ಹೆಸರು ಹೇಳಲಿಲ್ಲ, ಆದ್ದರಿಂದ ಬಿಟ್ಟುಹೋದ ಸಂಖ್ಯೆ 4. ಎರಡು ಸಲ ಬಂದದ್ದು 3.

ನನ್ನ ಸಲಹೆ: ವಿಧಾನಕ್ಕೆ ‘ಮನೆಗೆ ಗುರುತು ಹಾಕುವುದು’ ಎಂದೇ ಬರೆಯಿರಿ. ಎಲ್ಲಿಗೆ ಹಾಕಬೇಕು ಎಂಬುದು ಹೆಸರಿನಲ್ಲೇ ಸಿಗುತ್ತದೆ. ‘ಇಮ್ಮಡಿ’ ಖಂಡಿತ ಬೇಡ. 3ರ ಇಮ್ಮಡಿ 6 ಎಂದು ಶಾಲೆಯಲ್ಲೇ ಕಲಿತಿರುತ್ತಾರೆ. ಈ ಅರೇಯಲ್ಲಿ 6 ಕೂಡ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ‘ಎರಡು ಸಲ ಬಂದ ಸಂಖ್ಯೆ’ ಉದ್ದವಾದರೂ ಅದರಲ್ಲಿ ತಪ್ಪು ಅರ್ಥಕ್ಕೆ ಎಡೆಯಿಲ್ಲ.

ಗೋಕಾಕದಿಂದ, ಎಂಜಿನಿಯರಿಂಗ್ ವಿದ್ಯಾರ್ಥಿ

ಸರ್, ನಿಮ್ಮ ಉದಾಹರಣೆಯೊಳಗ ಒಂದು ಸುಲಭ ದಾರಿ ಕಾಣ್ತದ ನೋಡ್ರಿ. ಗುರುತಿಲ್ಲದ 4ನೇ ಮನಿಯೊಳಗ ಕೂತಿರೋದು 3. ಅದೇ ಎರಡು ಸಲ ಬಂದ ಸಂಖ್ಯೆ! ಹಂಗಾದ್ರ ಮೊದಲನೇ ಸುತ್ತಿನೊಳಗ ಏನೂ ಬರದಿಟ್ಟುಕೊಳ್ಳೋದು ಬ್ಯಾಡ. ಎರಡನೇ ಸುತ್ತಿನೊಳಗ ಒಂದೇ ಮನಿ ನೋಡಿದ್ರ ಮನಿ ನಂಬರ್ ಬಿಟ್ಟುಹೋದದ್ದು, ಒಳಗಿರೋದು ಎರಡು ಸಲ ಬಂದದ್ದು. ನಾ ಹಿಂಗ ಬರೆದ ಪ್ರೋಗ್ರಾಂ ಒಂದೆರಡು ಸಲ ಸರಿ ಉತ್ತರ ಕೊಟ್ಟದ.

ವಿಜಯಪುರದಿಂದ, ಮತ್ತೆ ಅವರೇ

ತಮ್ಮಾ, ಅದು ಈ ಅರೇಯಲ್ಲಿ ಹಾಗೆ ಕೂಡಿಬಂದದ್ದು. ಅವೇ ಆರು ಸಂಖ್ಯೆಗಳನ್ನು 4ನೇ ಮತ್ತು 5ನೇ ಮನೆಯಲ್ಲಿ ಅದಲುಬದಲು ಮಾಡಿ: 3 1 5 2 3 6. ಕೈಯಲ್ಲಿ ನಡೆಸಿದರೆ ಕೊನೆಗೆ -3 -1 -5 2 -3 -6 ಬರುತ್ತದೆ. ಗುರುತಿಲ್ಲದ ಮನೆ ಈಗಲೂ 4, ಆದರೆ ಒಳಗಿರುವುದು 2. ನಿನ್ನ ಪ್ರೋಗ್ರಾಮು ‘2 ಎರಡು ಸಲ ಬಂದಿದೆ’ ಅನ್ನುತ್ತದೆ. ಗುರುತು ಹಾಕುವ ವಿಧಾನದಲ್ಲಿ ಸಂಖ್ಯೆಗಳು ಜಾಗ ಬಿಟ್ಟು ಕದಲುವುದಿಲ್ಲವಲ್ಲ. ಆ ಮನೆಯಲ್ಲಿ ಮೊದಲು ಏನಿತ್ತೋ ಅದೇ ಇರುತ್ತದೆ.

ಆದರೆ ನೀನು ಹೇಳಿದ್ದು ಇನ್ನೊಂದು ವಿಧಾನಕ್ಕೆ ಪೂರ್ತಿ ಸರಿ. ಪ್ರತಿ ಸಂಖ್ಯೆಯನ್ನೂ ಅದರದೇ ಮನೆಗೆ ಸೇರುವ ತನಕ ಅದಲುಬದಲು ಮಾಡುತ್ತ ಹೋಗುವುದಿದೆ. ಅಲ್ಲಿ ಈ ಅರೇ ಕೊನೆಗೆ 1 2 3 3 5 6 ಆಗುತ್ತದೆ. ತನ್ನ ಮನೆ ತುಂಬಿದ್ದರಿಂದ ಉಳಿದ 3 ಖಾಲಿ ಬಿದ್ದ 4ನೇ ಮನೆಯಲ್ಲೇ ಕೂರಬೇಕು, ಬೇರೆ ಜಾಗವೇ ಇಲ್ಲ. ಅಲ್ಲಿ ನಿನ್ನ ಮಾತು ಎಲ್ಲ ಅರೇಗಳಿಗೂ ನಿಲ್ಲುತ್ತದೆ. ಎರಡೂ ವಿಧಾನಗಳಿಗೆ ಒಂದೇ ಹೆಸರು ಬಳಸುವುದರಿಂದ ಈ ಬೆರಕೆ ಆಗುತ್ತದೆ. ಅದನ್ನು ‘ಮನೆಗೆ ಸೇರಿಸುವುದು’ ಎಂದು ಬೇರೆಯಾಗಿ ಕರೆಯೋಣ.

ಅಥಣಿ ಕಡೆಯಿಂದ, ಲೆಕ್ಕಪತ್ರ ನೋಡಿಕೊಳ್ಳುವವರು

ನಮಸ್ಕಾರ್ರಿ. ನಮ್ಮಲ್ಲಿ ಕಬ್ಬಿನ ಗಾಡಿಗೆ ಟೋಕನ್ ಚೀಟಿ ಕೊಡ್ತೀವಿ, 1ರಿಂದ 60. ಸಂಜಿಗೆ ಕೈಯಾಗ 58 ಚೀಟಿ ಸಿಗ್ತಾವ, ಕೆಲವೊಂದು ಎರಡೆರಡು ಸಲ ಬರದಿರ್ತಾರ. ಕಳೆದ ಟೋಕನ್ ಹುಡುಕೋದಕ್ಕ ಇದೇ ಪದ ಅಂತಾರೇನ್ರಿ? ಚೀಟಿ ಮ್ಯಾಲೆ ಮೈನಸ್ ಹಾಕಬೇಕೇನು?

ಬೆಳಗಾವಿಯಿಂದ, ಸಾಫ್ಟ್‌ವೇರ್ ಕೆಲಸದವರು

ಅಣ್ಣಾರ, ಚೀಟಿ ಮ್ಯಾಲೆ ಏನೂ ಬರೀಬ್ಯಾಡ್ರಿ. ಬೇರೆ ಹಾಳಿ ಮೇಲೆ 1ರಿಂದ 60 ಮನೆ ಹಾಕಿ, ಒಂದೊಂದು ಚೀಟಿ ಓದಿದಂಗ ಆ ಮನೆಗೆ ಗೀಟು ಎಳೀರಿ. ಗೀಟಿಲ್ಲದ ಮನೆಗಳೆಲ್ಲ ಕಳೆದವು, ಎರಡು ಗೀಟು ಬಿದ್ದವು ಎರಡು ಸಲ ಬಂದವು. ನೀವು ಕೇಳಿದ್ದು ಇದೇ ವಿಚಾರ, ಚಿಹ್ನೆ ಎರವಲು ಪಡೆಯುವುದೊಂದು ಬಿಟ್ಟು.

ಆದರೆ ಚರ್ಚೆಯಲ್ಲಿರುವ ವಿಧಾನ ನಿಮ್ಮ ಚೀಟಿಗಳಿಗೆ ನೇರವಾಗಿ ಹೊಂದುವುದಿಲ್ಲ. 58 ಮನೆಗಳ ಅರೇಯಲ್ಲಿ 60 ಎಂಬ ಸಂಖ್ಯೆ ಬಂದರೆ ಅದು ಹೇಳುವ ಮನೆಯೇ ಇಲ್ಲ, ಪ್ರೋಗ್ರಾಮು ಅರೇಯ ಹೊರಗೆ ಕೈಹಾಕುತ್ತದೆ. ಮನೆಗಳು ಎಷ್ಟಿವೆಯೋ ಸಂಖ್ಯೆಗಳೂ 1ರಿಂದ ಅಷ್ಟರೊಳಗೇ ಇರಬೇಕು. ಈ ಷರತ್ತು ಉಳಿದರೆ ಒಂದಲ್ಲ, ಹತ್ತು ಸಂಖ್ಯೆ ಬಿಟ್ಟುಹೋಗಿದ್ದರೂ ಗುರುತಿಲ್ಲದ ಮನೆಗಳೆಲ್ಲ ಸಿಗುತ್ತವೆ.

ಉಪನ್ಯಾಸಕಿಯವರಿಗೆ ಕೋಡ್ ಇಲ್ಲಿದೆ. ಕೋಡಿನಲ್ಲಿ ಮನೆಗಳ ಎಣಿಕೆ 0ಯಿಂದ, ಹಾಗಾಗಿ ಒಂದು ಕಳೆಯಬೇಕು:

```python
def find(a):
    dup = miss = 0
    for x in a:
        j = abs(x) - 1
        if a[j] < 0:
            dup = abs(x)
        else:
            a[j] = -a[j]
    for j in range(len(a)):
        if a[j] > 0:
            miss = j + 1
    return dup, miss
```

ಹೆಚ್ಚು ಜನ ಬಿಡುವುದು `abs`. ಅದನ್ನು ಬಿಟ್ಟರೆ ಜಾವಾದಲ್ಲಿ ಅಲ್ಲೇ ದೋಷ ಬಂದು ನಿಲ್ಲುತ್ತದೆ, ಅದು ಒಳ್ಳೆಯದೇ. ಪೈಥಾನ್ ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ಮೈನಸ್ ಸ್ಥಾನಕ್ಕೆ ‘ಕೊನೆಯಿಂದ ಎಣಿಸು’ ಎಂಬ ಅರ್ಥವಿದೆ. ಸರ್ ಕೊಟ್ಟ ಮೊದಲ ಅರೇಯಲ್ಲಿ -5 ಓದಿದಾಗ j ಎಂಬುದು -6 ಆಗುತ್ತದೆ. ಆರು ಮನೆಗಳಲ್ಲಿ ಕೊನೆಯಿಂದ ಆರನೆಯದು ಮೊದಲ ಮನೆ. ಅದು ಆಗಲೇ ಮೈನಸ್ ಆಗಿರುವುದರಿಂದ dup ಸ್ವಲ್ಪ ಹೊತ್ತು -5 ಆಗಿ, ಮುಂದಿನ ಹೆಜ್ಜೆಯಲ್ಲಿ 3 ಆಗಿ ಸರಿಹೋಗುತ್ತದೆ. ಆದರೆ 5ನೇ ಮನೆಗೆ ಗುರುತು ಬೀಳದೆ ತಪ್ಪಿಹೋಯಿತು. ಕೊನೆಗೆ ಬರುವ ಉತ್ತರ 3 ಮತ್ತು 5: ಒಂದು ಸರಿ, ಒಂದು ತಪ್ಪು, ದೋಷದ ಸುದ್ದಿ ಇಲ್ಲ. ಎರಡನೇ ಸುತ್ತಿನಲ್ಲಿ ಗುರುತಿಲ್ಲದ ಮೊದಲ ಮನೆ ಸಿಕ್ಕ ಕೂಡಲೇ `break` ಹಾಕಿದ್ದರೆ ಇದೇ ತಪ್ಪು ಕೋಡ್ 4 ಎಂದು ಸರಿ ಉತ್ತರ ಕೊಟ್ಟು ಪಾರಾಗುತ್ತಿತ್ತು. ಅದಕ್ಕೇ ಪರೀಕ್ಷಿಸುವಾಗ ಗುರುತಿಲ್ಲದ ಮನೆಗಳನ್ನು ಎಣಿಸಿ. ಒಂದೇ ಸಂಖ್ಯೆ ಬಿಟ್ಟುಹೋದ ಅರೇಯಲ್ಲಿ ಎರಡು ಮನೆ ಗುರುತಿಲ್ಲದೆ ಉಳಿದರೆ ಎಲ್ಲೋ ಗುರುತು ತಪ್ಪಿದೆ.

ಇನ್ನೊಂದು ಕಾರಣಕ್ಕೂ ಎರಡು ಉಳಿಯಬಹುದು. ‘ಚಿಹ್ನೆ ಬದಲಿಸಿ’ ಎಂದು ಬರೆದರೆ ಕೆಲವರು ಗುರುತಿದೆಯೇ ಎಂದು ನೋಡದೆ ಪ್ರತಿ ಸಲವೂ ಬದಲಿಸುತ್ತಾರೆ. ಎರಡನೇ 3 ಬಂದಾಗ -5 ತಿರುಗಿ 5 ಆಗಿ, 3 ಮತ್ತು 4 ಎರಡೂ ಮನೆ ಗುರುತಿಲ್ಲದಂತೆ ಕಾಣುತ್ತವೆ. ಒಂದು ಬಾರದೇ ಇದ್ದದ್ದು, ಇನ್ನೊಂದು ಎರಡು ಸಲ ಬಂದದ್ದು. ನೋಡಿದರೆ ವ್ಯತ್ಯಾಸವೇ ತಿಳಿಯದು. ಆದ್ದರಿಂದ ‘ಬದಲಿಸು’ ಬೇಡ, ‘ಹಾಕು’ ಎಂಬುದೇ ಸರಿ ಕ್ರಿಯಾಪದ.

ಒಂದು ತಕರಾರೂ ಇದೆ. ‘ಹೆಚ್ಚುವರಿ ಜಾಗ ಬೇಡ’ ಎಂದು ಟಿಪ್ಪಣಿಯಲ್ಲಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಮನೆಗೊಂದು ಚಿಹ್ನೆಯ ಬಿಟ್, ಒಟ್ಟು n ಬಿಟ್ ಬಳಸುತ್ತಿದ್ದೇವೆ. ಅವು ಮೊದಲೇ ಖಾಲಿ ಬಿದ್ದಿದ್ದವು, ಅಷ್ಟೇ. ಸಿ ಭಾಷೆಯಲ್ಲಿ `unsigned` ಅರೇ ಕೊಟ್ಟು ನೋಡಿ: ಮೈನಸ್ ಎಂಬುದೇ ಇಲ್ಲ, `a[j] < 0` ಎಂದೂ ನಿಜವಾಗುವುದಿಲ್ಲ, ವಿಧಾನ ಅಲ್ಲಿಗೇ ಮುರಿಯುತ್ತದೆ.

ವಿಜಯಪುರದಿಂದ

ಬಿಟ್‌ಗಳ ಮಾತು ನಿಜ. ಆದರೂ ಹೆಚ್ಚುವರಿ ಎಂದರೆ ಕೊಟ್ಟದ್ದಕ್ಕಿಂತ ಹೆಚ್ಚು ಕೇಳಿದ್ದು. ಇಲ್ಲಿ n ಎಷ್ಟೇ ದೊಡ್ಡದಾದರೂ ಹೊಸದಾಗಿ ಕೇಳಿದ್ದು ಎರಡು ಮೂರು ಚರಗಳಷ್ಟೇ. ಪರೀಕ್ಷೆಯಲ್ಲಿ ಮಕ್ಕಳು ಹಾಗೇ ಬರೆಯಲಿ. ಇದರಲ್ಲಿ ನಾವಿಬ್ಬರೂ ಒಪ್ಪುವಂತೆ ಕಾಣುವುದಿಲ್ಲ.

ಬಾಗಲಕೋಟೆಯಿಂದ

ಎಲ್ಲರಿಗೂ ಧನ್ಯವಾದ. ವಾಕ್ಯವನ್ನು ಹೀಗೆ ತಿದ್ದಿದ್ದೇನೆ: “ಮನೆಯಲ್ಲಿರುವ ಸಂಖ್ಯೆಯನ್ನು ಚಿಹ್ನೆ ಬಿಟ್ಟು ಓದಿ. ಆ ಸಂಖ್ಯೆಯ ಮನೆಗೆ ಹೋಗಿ. ಅಲ್ಲಿ ಗುರುತಿಲ್ಲದಿದ್ದರೆ ಮೈನಸ್ ಹಾಕಿ. ಗುರುತಿದ್ದರೆ ಓದಿದ ಸಂಖ್ಯೆ ಎರಡನೇ ಸಲ ಬಂದಿದೆ; ಮನೆಯನ್ನು ಮುಟ್ಟಬೇಡಿ.” ಕೊನೆಯಲ್ಲಿ ಎಲ್ಲ ಮೈನಸ್ ತೆಗೆದು ಅರೇಯನ್ನು ಮೊದಲಿನಂತೆ ಮಾಡುವ ಒಂದು ಸುತ್ತನ್ನೂ ಸೇರಿಸುತ್ತೇನೆ. ಅದೇ ಅರೇಯನ್ನು ಮುಂದಿನ ಲೆಕ್ಕದಲ್ಲಿ ಮತ್ತೆ ಬಳಸುತ್ತಾರೆ.

ಒಂದು ಪ್ರಶ್ನೆ ಉಳಿಯಿತು. ಸಂಖ್ಯೆಗಳು 0ಯಿಂದ n-1 ವರೆಗೆ ಇದ್ದರೆ 0 ಕೂತಿರುವ ಮನೆಗೆ ಮೈನಸ್ ಹಾಕಿದರೂ ಅದು 0 ಆಗಿಯೇ ಉಳಿಯುತ್ತದೆ. ಅಲ್ಲಿ ಗುರುತು ಕಾಣುವುದು ಹೇಗೆ?

ಬೆಳಗಾವಿಯಿಂದ

ಅಲ್ಲಿ ಮೈನಸ್ ಬದಲು n ಕೂಡಿಸಿರಿ ಮೇಡಂ. n ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಮನೆಗೆ ಗುರುತು ಬಿದ್ದಿದೆ ಎಂದರ್ಥ. ಒಳಗಿನ ಸಂಖ್ಯೆ ಬೇಕಾದರೆ n ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ. `unsigned` ಅರೇಗೂ ಇದು ನಡೆಯುತ್ತದೆ, 2n-1 ಆ ಟೈಪಿನಲ್ಲಿ ಹಿಡಿಸಬೇಕು. ಒಂದು ಬೈಟಿನ ಟೈಪಾದರೆ 255ರ ಮಿತಿ ಇರುವುದರಿಂದ n 128ನ್ನು ದಾಟಬಾರದು.