40 ಭಾಗ ಮಾಡಿದ್ರೆ ಪ್ಲೇಟ್ ಟೆಂಪರೇಚರ್ ಮೈನಸ್ 217, ಯಾರಿಗಾದ್ರೂ ಹೀಗಾಗಿದ್ಯಾ?

ಕೇಳಿದವರು: 100 ಮಿಮೀ ಸ್ಟೀಲ್ ಪ್ಲೇಟ್, ಪೂರ್ತಿ 30 ಡಿಗ್ರಿ, ಒಂದು ಮುಖ ದಿಢೀರ್ ಅಂತ 100 ಡಿಗ್ರಿ. ಎಕ್ಸ್‌ಪ್ಲಿಸಿಟ್ ಮೆಥಡ್, ಟೈಮ್ ಸ್ಟೆಪ್ 1 ಸೆಕೆಂಡ್. 20 ಭಾಗಕ್ಕೆ ಚೆನ್ನಾಗಿ ಬಂತು, 40 ಮಾಡಿದ್ರೆ ಎರಡನೇ ಸ್ಟೆಪ್‌ಗೇ ಮೈನಸ್ 217. ಕೋಡ್‌ನಲ್ಲಿ ಬಗ್ ಇದ್ಯಾ?

ಡಿಸೈನ್_ಮಂಜ: ಇಂಪ್ಲಿಸಿಟ್‌ಗೆ ಹೋಗಿ ಗುರು, ಆಮೇಲೆ ಸ್ಟೆಪ್ ಎಷ್ಟಾದ್ರೂ ಇಟ್ಕೊಳ್ಳಿ, ಉತ್ತರ ಸರಿಯಾಗೇ ಬರುತ್ತೆ.

ಹಳೇ_ಮೇಷ್ಟ್ರು: ಬಗ್ ಇಲ್ಲಪ್ಪ, ಕೋಡ್ ಹೇಳಿದ್ದನ್ನೇ ಮಾಡಿದೆ. ಇದನ್ನ ಒಮ್ಮೆ ಪ್ರಿಂಟ್ ಮಾಡಿ ನೋಡು:

```
r = alpha*dt/dx**2
T_new[i] = r*(T[i-1] + T[i+1]) + (1 - 2*r)*T[i]
```

ಸ್ಟೀಲ್‌ಗೆ alpha ಸುಮಾರು 1.2e-5 ತಗೊಂಡ್ರೆ 5 ಮಿಮೀ ಗ್ರಿಡ್‌ಗೆ r 0.48, ಅಂದ್ರೆ ನೀನು ಅಂಚಲ್ಲೇ ಬಚಾವಾಗಿದ್ದೆ. 2.5 ಮಿಮೀಗೆ ಅದೇ r ನಾಲ್ಕು ಪಟ್ಟಾಗಿ 1.92. ಮೊದಲ ಸ್ಟೆಪ್‌ನಲ್ಲಿ ಮುಖದ ಪಕ್ಕದ ನೋಡ್ 30 + 1.92×70 = 164.4 ಆಗುತ್ತೆ, ನೂರು ಡಿಗ್ರಿ ಮುಖದ ಪಕ್ಕ 164 ಎಲ್ಲಿಂದ ಬರ್ಬೇಕು ಹೇಳು, ಕೆಟ್ಟಿದ್ದು ಅಲ್ಲೇ ಗೊತ್ತಾಗ್ಬೇಕಿತ್ತು. ಮುಂದಿನ ಸ್ಟೆಪ್‌ಗೆ ಅದೇ ನೋಡ್ -217, ಅದರಾಚೆದು 288. r 0.5 ದಾಟಿದ್ರೆ 1-2r ಮೈನಸ್ ಆಗುತ್ತೆ, ಆಗ ಈ ನೋಡ್ ಈಗ ಬಿಸಿ ಇದ್ದಷ್ಟೂ ಮುಂದೆ ತಣ್ಣಗಾಗುತ್ತೆ ಅನ್ನೋ ತಲೆಕೆಳಗಾದ ಲೆಕ್ಕ, ಒಂದು ಬಿಟ್ಟು ಒಂದು ನೋಡ್ ಮೇಲೆ ಕೆಳಗೆ ಹಾರ್ತಾ ಪ್ರತಿ ಸ್ಟೆಪ್‌ಗೂ ಬೆಳೆಯುತ್ತೆ. ನಿನ್ನ ಲಿಮಿಟ್ 0.26 ಸೆಕೆಂಡ್, 0.2 ಹಾಕು. ಗ್ರಿಡ್ ಅರ್ಧ ಮಾಡಿದ್ರೆ ನೋಡ್ ಎರಡು ಪಟ್ಟು, ಸ್ಟೆಪ್ ನಾಲ್ಕು ಪಟ್ಟು, ಕೆಲಸ ಎಂಟು ಪಟ್ಟು, ಅದಕ್ಕೇ ಜನ ಇಂಪ್ಲಿಸಿಟ್‌ಗೆ ಓಡೋದು. ಆದ್ರೆ ಮಂಜ, ಸಿಡಿಯಲ್ಲ ಅಂದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ. ಈ ಪ್ಲೇಟ್‌ಗೆ 60 ಸೆಕೆಂಡಿನ ಸ್ಟೆಪ್ ಇಟ್ರೆ ಮುಖದ ಹತ್ರ ಮೊದಲ ನಿಮಿಷದಲ್ಲಿ ಆಗಿದ್ದೆಲ್ಲ ಒಂದೇ ಗುಟುಕಿಗೆ ಹೋಗುತ್ತೆ.

ಮಣ್ಣಿನ_ಮನೆ: ನಂದು ಪ್ಲೇಟ್ ಅಲ್ಲ ಗೋಡೆ, ಎಕ್ಸೆಲ್‌ನಲ್ಲಿ ಮಾಡಿದ್ದು. 2 ಸೆಂಮೀ ಗ್ರಿಡ್, alpha 5e-7, ಸ್ಟೆಪ್ 360 ಸೆಕೆಂಡ್, r 0.45 ಬಂತು, ಲಿಮಿಟ್ ಒಳಗೇ ಇದೆ ಅಲ್ವಾ, ಆದ್ರೂ ಬಿಸಿಲು ಬಿದ್ದ ಮೊದಲ ಒಂದು ಗಂಟೆ ಹೊರಮೈ ಟೆಂಪರೇಚರ್ ಗರಗಸದ ಹಲ್ಲಿನ ಥರ ಕುಣಿದು ಆಮೇಲೆ ತಣ್ಣಗೆ ಸರಿಹೋಗುತ್ತೆ. ಮಣ್ಣಿನ ಅಳತೆ ತಪ್ಪಿರಬಹುದಾ?

ಹಳೇ_ಮೇಷ್ಟ್ರು: ಮಣ್ಣಿಂದಲ್ಲ, ಮೇಲ್ಮೈ ನೋಡ್‌ದು. ಗಾಳಿ ತಾಗೋ ಕಡೆ ಅರ್ಧ ಸೆಲ್ಲೇ ಇರೋದು, ಅಲ್ಲಿ `r*(1+Bi)` 0.5 ಒಳಗಿರ್ಬೇಕು. Bi ಅಂದ್ರೆ `h*dx/k`, h 10, k 0.7 ಇಟ್ಟಿದ್ರೆ 0.29, ಲಿಮಿಟ್ ಸುಮಾರು 311 ಸೆಕೆಂಡಿಗೆ ಇಳಿಯುತ್ತೆ. 300 ಹಾಕಿ.

ಲೆಕ್ಕದ_ಹುಳ: ಹಾಗಿದ್ರೆ 360ಕ್ಕೆ ಅವರದ್ದು ಸಿಡೀಬೇಕಿತ್ತಲ್ಲ ಸರ್, ಸಿಡೀಲಿಲ್ಲ. ಆ ನಿಯಮ ದಾಟಿದ್ರೆ ಕುಣಿತ ಶುರುವಾಗಬಹುದು, ಸಿಡಿಯೋ ಗಡಿ ಇನ್ನೂ ಮುಂದಿದೆ. ಇಲ್ಲಿ r 0.49ರವರೆಗೂ ತಡ್ಕೊಳ್ಳುತ್ತೆ ಅಂತ ನನ್ನ ಲೆಕ್ಕ.

ಹಳೇ_ಮೇಷ್ಟ್ರು: ಇರಬಹುದು, ಆದ್ರೆ ಕುಣಿಯೋ ಹೊರಮೈ ಇಟ್ಕೊಂಡು ರಿಪೋರ್ಟ್ ಬರೆಯೋರು ಯಾರು?

ಕೇಳಿದವರು: 0.2ಕ್ಕೆ ಸರಿಹೋಯ್ತು ಸರ್. ಮುಂದಿನದ್ರಲ್ಲಿ ರೇಡಿಯೇಶನ್ ಇದೆ, h ಟೆಂಪರೇಚರ್ ಜೊತೆ ಬದಲಾಗುತ್ತೆ, ಆಗ ಯಾವ h ಹಾಕಿ ಲಿಮಿಟ್ ತೆಗೀಲಿ, ಎಲ್ಲಕ್ಕಿಂತ ದೊಡ್ಡದ್ದಾ?