7 ತಂಡ, ಒಂದೇ ಮೈದಾನ: ಎಲ್ಲರಿಗೂ ಸಮನಾದ ವೇಳಾಪಟ್ಟಿ ಮಾಡೋದು ಹೇಗೆ?

ಕೇಳಿದವರು: ಟೆನಿಸ್ ಬಾಲ್ ಕ್ರಿಕೆಟ್ ಲೀಗ್. 7 ತಂಡ, ಮೈದಾನ ಒಂದೇ. ಭಾನುವಾರಕ್ಕೆ ಮೂರು ಪಂದ್ಯ: ಬೆಳಿಗ್ಗೆ 8, 11 ಮತ್ತು ಮಧ್ಯಾಹ್ನ 2ಕ್ಕೆ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಬೇಕು. ಹೋದ ವರ್ಷ ಕೆಲವು ತಂಡಕ್ಕೆ ಬರೀ ಬಿಸಿಲಿನ ಪಂದ್ಯ ಬಿತ್ತು ಅಂತ ಜಗಳ. ತಕರಾರು ಬಾರದ ಹಾಗೆ ಪಟ್ಟಿ ಮಾಡೋದು ಹೇಗೆ?

ಪಿಚ್ ರೋಲರ್: ಸುಲಭ ಸರ್. ‘ರಜೆ’ ಅನ್ನೋ ಸುಳ್ಳು ತಂಡ ಒಂದು ಸೇರಿಸಿ 8 ಮಾಡಿಕೊಳ್ಳಿ. ನಾಲ್ಕು ಮೇಲೆ, ನಾಲ್ಕು ಕೆಳಗೆ ಬರೆಯಿರಿ. 1ನೇ ತಂಡವನ್ನು ಇದ್ದಲ್ಲೇ ಬಿಟ್ಟು ಉಳಿದ ಏಳನ್ನೂ ವಾರಕ್ಕೊಂದು ಮನೆ ಮುಂದಕ್ಕೆ ತಿರುಗಿಸಿ. ಮೇಲೆ ಕೆಳಗೆ ಎದುರಾದವರು ಆಡ್ತಾರೆ, ರಜೆಯ ಎದುರು ಬಂದವರು ಅವತ್ತು ಕೂರ್ತಾರೆ. 7 ಭಾನುವಾರಕ್ಕೆ 21 ಪಂದ್ಯ ಮುಗಿಯುತ್ತೆ.

ಸ್ಟಂಪ್ಸ್: ಇಷ್ಟೆಲ್ಲ ಯಾಕೆ? ಚೀಟಿ ಎತ್ತಿ ಒಂದು ತಂಡಕ್ಕೆ ಬೈ ಕೊಡಿ, ಮೂರು ಕ್ವಾರ್ಟರ್ ಫೈನಲ್, ಎರಡು ಸೆಮಿ, ಒಂದು ಫೈನಲ್. 6 ಪಂದ್ಯದಲ್ಲಿ ಮುಗೀತು.

ಲೆಕ್ಕದ ಮೇಷ್ಟ್ರು: ಸ್ಟಂಪ್ಸ್ ಅವರೇ, ಅದು ನಾಕೌಟ್. ಇವರು ಕೇಳಿದ್ದು ಲೀಗ್.

ಪಿಚ್ ರೋಲರ್ ಹೇಳಿದ ದಾರಿಯಲ್ಲಿ ಜೋಡಿಗಳು ಸರಿಯಾಗಿಯೇ ಬರುತ್ತವೆ, ಯಾರೂ ಎರಡು ಸಲ ಎದುರಾಗುವುದಿಲ್ಲ. ತೊಂದರೆ ಇರುವುದು ಹೊತ್ತಿನಲ್ಲಿ. 1ನೇ ತಂಡ ಜಾಗ ಬಿಟ್ಟು ಕದಲುವುದಿಲ್ಲವಲ್ಲ, ಅದರ ಪಂದ್ಯ ಪ್ರತಿ ವಾರವೂ ಮೊದಲನೇ ಸಾಲಿನಲ್ಲೇ ಇರುತ್ತದೆ. ಸಾಲಿನ ಕ್ರಮದಲ್ಲೇ 8, 11, 2 ಎಂದು ಹೊತ್ತು ಹಾಕಿದರೆ ಆ ತಂಡ ತನ್ನ ಆರೂ ಪಂದ್ಯವನ್ನು ಬೆಳಗಿನ ತಂಪಿನಲ್ಲಿ ಆಡುತ್ತದೆ. ಹೋದ ವರ್ಷದ ಜಗಳಕ್ಕೂ ಇಂಥದ್ದೇ ಕಾರಣ ಇರಬಹುದು.

ಹಾಗಾಗಿ ಕದಲದೆ ಕೂರಬೇಕಾದದ್ದು ನಿಜವಾದ ತಂಡವಲ್ಲ, ರಜೆ. ಕಾಗದದ ಮೇಲೆ 1ರಿಂದ 7 ದುಂಡಗೆ ಬರೆಯಿರಿ, 7 ಆದ ಮೇಲೆ ಮತ್ತೆ 1. ಮೊದಲ ವಾರ 1ಕ್ಕೆ ರಜೆ. ಅದರ ಎಡಬಲದವರು, ಅಂದರೆ 2 ಮತ್ತು 7, ಒಂದು ಪಂದ್ಯ. ಅವರ ಆಚೆಯವರು 3 ಮತ್ತು 6, ಅದರಾಚೆ 4 ಮತ್ತು 5. ಮುಂದಿನ ವಾರ ರಜೆ 2ಕ್ಕೆ ಸರಿಯುತ್ತದೆ, ಮತ್ತೆ ಎಡಬಲ ನೋಡಿಕೊಂಡು ಜೋಡಿ ಕಟ್ಟಿ. ಪೂರ್ತಿ ಪಟ್ಟಿ ಹೀಗೆ:

| ವಾರ | ರಜೆ | ಪಕ್ಕದವರು | ನಡುವಿನವರು | ಕೊನೆಯವರು |
|---|---|---|---|---|
| 1 | 1 | 2–7 | 3–6 | 4–5 |
| 2 | 2 | 1–3 | 4–7 | 5–6 |
| 3 | 3 | 2–4 | 1–5 | 6–7 |
| 4 | 4 | 3–5 | 2–6 | 1–7 |
| 5 | 5 | 4–6 | 3–7 | 1–2 |
| 6 | 6 | 5–7 | 1–4 | 2–3 |
| 7 | 7 | 1–6 | 2–5 | 3–4 |

ಯಾವುದಾದರೂ ಒಂದು ಕಂಬಸಾಲನ್ನು ಮೇಲಿಂದ ಕೆಳಗೆ ಎಣಿಸಿ ನೋಡಿ. ಪ್ರತಿ ತಂಡವೂ ಸರಿಯಾಗಿ ಎರಡು ಸಲ ಸಿಗುತ್ತದೆ. ಒಂದು ಕಂಬಸಾಲಿಗೆ ಒಂದು ಹೊತ್ತು ಗೊತ್ತು ಮಾಡಿದರೆ ಎಲ್ಲರಿಗೂ 8ಕ್ಕೆ ಎರಡು, 11ಕ್ಕೆ ಎರಡು, 2ಕ್ಕೆ ಎರಡು ಪಂದ್ಯ. ಕೈತಪ್ಪಾಗಿದೆಯಾ ಎಂದು ತಿಳಿಯಲೂ ಇದೇ ಎಣಿಕೆ ಸಾಕು: ಒಂದು ಅಂಕಿ ಮೂರು ಸಲ ಬಂತೆಂದರೆ ಎಲ್ಲೋ ಜೋಡಿ ಅದಲುಬದಲಾಗಿದೆ.

ಸ್ಕೋರ್ ಪುಸ್ತಕ: ಮೇಷ್ಟ್ರ ಪಟ್ಟಿಗೆ ಒಂದು ಮಾತು ಸೇರಿಸ್ತೀನಿ. ಎಡದಿಂದ ಬಲಕ್ಕೆ 8, 11, 2 ಅಂತ ಹಾಕಬೇಡಿ. ‘ಕೊನೆಯವರು’ ಕಂಬಸಾಲಲ್ಲಿ 1ನೇ ತಂಡ 4 ಮತ್ತು 5ನೇ ವಾರ ಬರುತ್ತೆ, 2ನೇ ತಂಡ 5 ಮತ್ತು 6ನೇ ವಾರ. 4ನೇ ತಂಡ ಒಂದನ್ನು ಬಿಟ್ಟು ಎಲ್ಲರಿಗೂ ಇದೇ ಕತೆ. ಅದನ್ನೇ ಮಧ್ಯಾಹ್ನ 2ಕ್ಕೆ ಇಟ್ಟರೆ ಬಿಸಿಲಿನ ಎರಡು ಪಂದ್ಯ ಒಂದರ ಹಿಂದೆ ಒಂದು ಬಂದು, ಲೆಕ್ಕ ಸಮ ಇದ್ದರೂ ಜನ ಗೊಣಗ್ತಾರೆ. ಬಿಸಿಲಿಗೆ ‘ನಡುವಿನವರು’ ಕಂಬಸಾಲು ಕೊಡಿ. ಅಲ್ಲಿ ಯಾವ ತಂಡಕ್ಕೇ ಆಗಲಿ, ತನ್ನ ಎರಡು ಪಂದ್ಯದ ನಡುವೆ ಕಡಿಮೆ ಅಂದ್ರೂ ಎರಡು ಭಾನುವಾರ ಇರುತ್ತೆ. 8ಕ್ಕೆ ಪಕ್ಕದವರು, 11ಕ್ಕೆ ಕೊನೆಯವರು.

ಇನ್ನೊಂದು, ಮೊದಲು ಅಂಕಿಯ ಪಟ್ಟಿ ಎಲ್ಲರ ಕೈಗೆ ಕೊಟ್ಟು, ಆಮೇಲೆ ನಾಯಕರ ಎದುರಲ್ಲೇ ಚೀಟಿ ಎತ್ತಿಸಿ. ಅಂಕಿಗೆ ತಂಡದ ಹೆಸರು ಕೂತ ಮೇಲೆ ಪಟ್ಟಿ ಮುಟ್ಟಬಾರದು. ಮದುವೆ ಇದೆ, ಜಾತ್ರೆ ಇದೆ ಅಂತ ಒಂದು ಪಂದ್ಯದ ಹೊತ್ತು ಬದಲಿಸಿದರೆ ನಾಲ್ಕು ತಂಡದ ಲೆಕ್ಕ ಕೆಡುತ್ತೆ. ಮಳೆಗೆ ನಿಂತ ಪಂದ್ಯವನ್ನು ಕೊನೆಯಲ್ಲಿ ಕಾದಿಟ್ಟ ಭಾನುವಾರ ಅದೇ ಹೊತ್ತಿಗೆ ಆಡಿಸಿ. ಅಂಪೈರ್, ಸ್ಕೋರರ್ ಕೆಲಸ ರಜೆಯ ತಂಡಕ್ಕೆ ವಹಿಸಿ, ಅದೂ ಸರದಿಯಂತೆ ಎಲ್ಲರಿಗೂ ಒಂದು ದಿನ ಬೀಳುತ್ತೆ.

ಕೇಳಿದವರು: ಬಿಸಿಲಿನ ಕಂಬಸಾಲು ಹೊಳೆದೇ ಇರಲಿಲ್ಲ. ಹಾಗೇ ಮಾಡ್ತೀವಿ.

ರೈಡರ್: ನಮ್ಮದು ಕಬಡ್ಡಿ. 5 ತಂಡ, ಒಂದೇ ಅಂಕಣ, ಒಂದೇ ದಿನದಲ್ಲಿ 10 ಪಂದ್ಯ. ಒಂದು ಪಂದ್ಯ ಆಡಿ ಬೆವರು ಒರೆಸಿಕೊಳ್ಳೋ ಮೊದಲೇ ಇನ್ನೊಂದಕ್ಕೆ ಇಳೀಬೇಕಾಗುತ್ತೆ. ಇದಕ್ಕೂ ದಾರಿ ಇದೆಯಾ?

ಲೆಕ್ಕದ ಮೇಷ್ಟ್ರು: ಇದೆ. 5 ತಂಡವಿದ್ದರೆ ಯಾರೂ ಬೆನ್ನುಬೆನ್ನಿಗೆ ಆಡದ ಹಾಗೆ ಜೋಡಿಸಬಹುದು. 4 ತಂಡಕ್ಕೆ ಅದು ಆಗುವುದಿಲ್ಲ. ಈ ಕ್ರಮದಲ್ಲಿ ಆಡಿಸಿ:

```
1-2  3-4  1-5  2-3  4-5
1-3  2-5  1-4  3-5  2-4
```

ಆದರೆ ಇದು ಪೂರ್ತಿ ಸಮನಲ್ಲ. 5ನೇ ತಂಡ ಪ್ರತಿ ಸಲವೂ ಒಂದೇ ಪಂದ್ಯದಷ್ಟು ದಣಿವಾರಿಸಿಕೊಳ್ಳುತ್ತದೆ, 2ನೇ ತಂಡಕ್ಕೆ ಪ್ರತಿ ಸಲ ಎರಡು ಪಂದ್ಯದ ಬಿಡುವು. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅವಧಿಯಾದರೆ ಆ ವ್ಯತ್ಯಾಸ ಮುಕ್ಕಾಲು ಗಂಟೆ. ಚೀಟಿ ಎತ್ತುವ ಮೊದಲೇ ಇದನ್ನು ಎಲ್ಲರಿಗೂ ಹೇಳಿಬಿಡಿ. ಐದನೇ ಪಂದ್ಯ ಆದ ಮೇಲೆ ಊಟಕ್ಕೆ ಬಿಟ್ಟರೆ 5ನೇ ತಂಡಕ್ಕೂ ಒಂದು ದೊಡ್ಡ ಬಿಡುವು ಸಿಗುತ್ತದೆ.

ಪಿಚ್ ರೋಲರ್: ರಜೆಯನ್ನೇ ಕದಲದಂತೆ ಇಡಬೇಕು ಅನ್ನೋದು ಒಪ್ಪಿದೆ. ಆದರೆ ಮೇಷ್ಟ್ರೇ, 7ನೇ ತಂಡಕ್ಕೆ ಕೊನೆಯ ವಾರ ರಜೆ. ಉಳಿದವರು ರನ್ ರೇಟ್ ಎಷ್ಟು ಬೇಕು ಅಂತ ನೋಡಿಕೊಂಡು ಆಡ್ತಾರೆ, ಇವರು ಪೆವಿಲಿಯನ್‌ನಲ್ಲಿ ಕೂತು ನೋಡಬೇಕು. ಅದು ನ್ಯಾಯವಾ?

ಲೆಕ್ಕದ ಮೇಷ್ಟ್ರು: ಪ್ರಶ್ನೆ ಸರಿಯಾಗಿದೆ. 1982ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಅಲ್ಜೀರಿಯಾದ ಪಂದ್ಯಗಳು ಒಂದು ದಿನ ಮೊದಲೇ ಮುಗಿದಿದ್ದವು. ಮರುದಿನ ಖಿಖೋನ್‌ನಲ್ಲಿ ಪಶ್ಚಿಮ ಜರ್ಮನಿ ಆಸ್ಟ್ರಿಯಾವನ್ನು 1–0ರಿಂದ ಸೋಲಿಸಿತು. ಇಬ್ಬರೂ ಮುಂದಕ್ಕೆ ಹೋಗಲು ಆ ಅಂತರ ಸಾಕಾಗಿತ್ತು, ಗೋಲು ಬಿದ್ದ ಮೇಲೆ ಆಟ ಸಪ್ಪೆಯಾಯಿತು, ಅಲ್ಜೀರಿಯಾ ಹೊರಬಿತ್ತು. ಅದರ ನಂತರವೇ ವಿಶ್ವಕಪ್ ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ಶುರುವಾಗತೊಡಗಿದ್ದು. ತಂಡಗಳು ಬೆಸವಾದರೆ ಆ ಮದ್ದು ಪೂರ್ತಿ ಕೆಲಸ ಮಾಡುವುದಿಲ್ಲ, ಒಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ. ಒಂದೇ ಮೈದಾನದಲ್ಲಂತೂ ಮೂರು ಪಂದ್ಯ ಒಟ್ಟಿಗೆ ಆಡಿಸುವಂತೆಯೇ ಇಲ್ಲ.

ಸ್ಕೋರ್ ಪುಸ್ತಕ: ನನ್ನ ಪ್ರಕಾರ ಹೋದ ವರ್ಷ ಗೆದ್ದವರಿಗೆ 7 ಕೊಟ್ಟು, ಉಳಿದ ಆರಕ್ಕೆ ಚೀಟಿ ಎತ್ತಿಸಬೇಕು.

ಲೆಕ್ಕದ ಮೇಷ್ಟ್ರು: ಗೆದ್ದಿದ್ದಕ್ಕೆ ಶಿಕ್ಷೆ ಕೊಟ್ಟ ಹಾಗಾಗುತ್ತದೆ. ನಾನು ಏಳಕ್ಕೂ ಚೀಟಿ ಎತ್ತಿಸಿ ಅನ್ನುತ್ತೇನೆ.

ಪಿಚ್ ರೋಲರ್: ಗೆದ್ದ ತಂಡದವರನ್ನೇ ಮೊದಲು ಕೇಳಿ ನೋಡಿ ಸರ್. ಮೊದಲ ವಾರ ರಜೆ ಬೇಕಾ, ಕೊನೆಯ ವಾರ ಬೇಕಾ ಅಂದ್ರೆ ಕೆಲವರು ಕೊನೆಯದನ್ನೇ ಆರಿಸ್ತಾರೆ, ಸೆಮಿಫೈನಲ್‌ಗೆ ಮುಂಚೆ ಬೌಲರ್‌ಗಳಿಗೆ ಒಂದು ವಾರ ಬಿಡುವು ಸಿಗುತ್ತೆ ಅಂತ.